ತುಟಿಗೆ ಕೂರುವ ಕನ್ನಡ

ಕೇಳುಗರಿಗೆ ನಮಸ್ಕಾರ.

ನಾನು ಡಬ್ಬಿಂಗ್‌ಗೆ ಸಂಭಾಷಣೆ ಬರೆಯುವವಳು. ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳ ಮಾತನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಇದನ್ನೇ ನಂಬಿಕೊಂಡು ಬದುಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಉತ್ತರಕ್ಕೆ ಮೊದಲು ಒಂದು ಸಾಲು ನೋಡೋಣ.

ತೆಲುಗಿನಲ್ಲಿ ಒಂದು ಹುಡುಗಿ ತಮ್ಮನಿಗೆ ಹೇಳುತ್ತಾಳೆ: ‘ಅಮ್ಮಕಿ ಚೆಪ್ಪಕು.’ ಅರ್ಥ ಸುಲಭ. ‘ತಾಯಿಗೆ ತಿಳಿಸಬೇಡ’ ಅಂತ ಬರೆದರೆ ತಪ್ಪೇನಿಲ್ಲ. ಆದರೆ ಸ್ಟುಡಿಯೋದಲ್ಲಿ ಅದು ನಿಲ್ಲುವುದಿಲ್ಲ. ಪರದೆಯ ಹುಡುಗಿಯ ತುಟಿ ‘ಅಮ್ಮ’ ಅನ್ನುವಾಗ ಒಮ್ಮೆ, ‘ಚೆಪ್ಪ’ ಅನ್ನುವಾಗ ಇನ್ನೊಮ್ಮೆ ಮುಚ್ಚುತ್ತದೆ. ‘ತಾಯಿಗೆ’ ಅನ್ನುವಾಗ ನಮ್ಮ ತುಟಿ ಮುಚ್ಚುವುದೇ ಇಲ್ಲ. ಜೊತೆಗೆ ಬಿಡಿಸಿ ಹೇಳಿದರೆ ತೆಲುಗಿನ ಸಾಲಿನಲ್ಲಿ ಉಚ್ಚಾರದ ತುಂಡುಗಳು ಆರು, ನಮ್ಮದರಲ್ಲಿ ಎಂಟು. ಅವಳು ಬಾಯಿ ಮುಚ್ಚಿದ ಮೇಲೂ ನಮ್ಮ ಮಾತು ಓಡುತ್ತಲೇ ಇರುತ್ತದೆ.

ಈಗ ‘ಅಮ್ಮಂಗೆ ಹೇಳ್ಬೇಡ’ ಅಂತ ಹೇಳಿ ನೋಡಿ. ಅಮ್‌, ಮನ್‌, ಗೆ, ಹೇಳ್‌, ಬೇ, ಡ. ಆರು. ‘ಮ’ ಇದ್ದಲ್ಲಿ ‘ಮ’ ಬಂತು, ‘ಪ’ ಇದ್ದಲ್ಲಿ ‘ಬ’ ಬಂತು. ಎರಡು ಕಡೆಯೂ ತುಟಿ ಸರಿಯಾದ ಜಾಗದಲ್ಲೇ ಮುಚ್ಚಿತು. ಮನೆಯಲ್ಲಿ ಅಕ್ಕ ತಮ್ಮನಿಗೆ ಹೇಳುವುದೂ ಹೀಗೇ ಅಲ್ವಾ? ನಾನು ಟಿವಿಯ ಶಬ್ದ ಪೂರ್ತಿ ತೆಗೆದು, ನಟರ ತುಟಿ ನೋಡುತ್ತಾ ನನ್ನ ಸಾಲನ್ನು ಜೋರಾಗಿ ಓದುತ್ತೇನೆ. ಎಡವಿದರೆ ತಿದ್ದುತ್ತೇನೆ.

ಸಬ್‌ಟೈಟಲ್ ಲೆಕ್ಕವೇ ಬೇರೆ. ಅಲ್ಲಿ ತುಟಿಯ ಕಾಟವಿಲ್ಲ, ಓದುವವರ ಕಣ್ಣಿನ ವೇಗ ಮುಖ್ಯ. ಎರಡು ಸಾಲು ಮೀರಬಾರದು, ಏಳು ಸೆಕೆಂಡಿಗಿಂತ ಜಾಸ್ತಿ ಪರದೆಯ ಮೇಲೆ ನಿಲ್ಲಬಾರದು ಎಂಬುದು ಸಾಮಾನ್ಯವಾಗಿ ಎಲ್ಲರೂ ಪಾಲಿಸುವ ನಿಯಮ.

ಕನ್ನಡದಲ್ಲಿ ಈ ಡಬ್ಬಿಂಗ್ ಕೆಲಸಕ್ಕೆ ವಯಸ್ಸು ಕಡಿಮೆ. 1960ರ ದಶಕದಿಂದ ಇಲ್ಲಿ ಡಬ್ಬಿಂಗ್ ಬೇಡ ಎಂಬ ಕಟ್ಟು ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಡ್ಡಿ ತಪ್ಪು ಎಂದು ತೀರ್ಪು ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ, ಡಬ್ ಆದ ಮಹಾಭಾರತ ಕನ್ನಡ ಟಿವಿಗೆ ಬಂತು. ತೆಲುಗು, ತಮಿಳಿನಲ್ಲಿ ಈ ಕೆಲಸವನ್ನು ಹಿರಿಯರಿಂದ ಕಿರಿಯರು ನೋಡಿ ಕಲಿತರು. ನಮಗೆ ಅಂಥ ಹಿರಿಯರು ಕಡಿಮೆ. ತುಟಿಗೆ ಕೂರುವಂತೆ ಬರೆಯಬಲ್ಲವರು ಇವತ್ತಿಗೂ ಸುಲಭವಾಗಿ ಸಿಗುವುದಿಲ್ಲ.

ಇನ್ನು ದುಡ್ಡಿನ ಮಾತು. ಇಲ್ಲಿ ಹೆಚ್ಚಾಗಿ ಕೂಲಿ ಕೊಡುವುದು ಚಿತ್ರದ ನಿಮಿಷಕ್ಕೆ ಇಷ್ಟು ಅಂತ. ನಾನು ಕೆಲಸ ಮಾಡಿದ ನಿಮಿಷಕ್ಕಲ್ಲ. ಇಪ್ಪತ್ತು ನಿಮಿಷದ ಒಂದು ಕಂತಿಗೆ ನನಗೆ ಎರಡು ದಿನ ಬೇಕು. ದಿನಕ್ಕೆ 2,000 ರೂಪಾಯಿ ಬಂದರೆ ಮನೆ ನಡೆಯುತ್ತದೆ ಅಂದುಕೊಳ್ಳಿ. ಆಗ ನಿಮಿಷಕ್ಕೆ 200 ರೂಪಾಯಿ ಕೇಳಬೇಕು. ಮೊದಮೊದಲು ನಾನೂ ಹೀಗೇ ಲೆಕ್ಕ ಹಾಕಿದೆ. ಒಂದು ಸ್ಟುಡಿಯೋದವರು ಕಂತುಗಳನ್ನು ಮತ್ತೆ ಮತ್ತೆ ತಿದ್ದಲು ಕಳಿಸಿದರು. ಒಂದೊಂದು ಕಂತಿಗೂ ಇನ್ನೊಂದು ದಿನ ಹೋಯಿತು. ಎರಡು ದಿನದ ಕೂಲಿಗೆ ಮೂರು ದಿನ ದುಡಿದೆ. ಆ ಹಣ ಕೈಗೆ ಬರಲು ನಾಲ್ಕು ತಿಂಗಳು ಬೇಕಾಯಿತು.

ಅಂದಿನಿಂದ ಮೂರು ದಿನದ ಲೆಕ್ಕ ಹಿಡಿದು 300 ಕೇಳುತ್ತೇನೆ. ತಿದ್ದುವುದು ಒಂದೇ ಸಲ, ಆಮೇಲಿನದಕ್ಕೆ ಬೇರೆ ಹಣ ಅಂತ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳುತ್ತೇನೆ. ನಾಲ್ಕು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಯಾರೂ ಇರುವ ನೌಕರಿ ಬಿಟ್ಟು ಇಲ್ಲಿಗೆ ಬರಬೇಡಿ. ಒಂದೇ ಸ್ಟುಡಿಯೋ ನೆಚ್ಚಿಕೊಳ್ಳಬೇಡಿ. ಡಬ್ಬಿಂಗ್ ಇಲ್ಲದ ತಿಂಗಳು ನಾನು ಸಬ್‌ಟೈಟಲ್ ಮಾಡುತ್ತೇನೆ, ಬ್ಯಾಂಕಿನ ಕರಪತ್ರ, ಔಷಧಿಯ ಸೂಚನೆಗಳನ್ನೂ ಅನುವಾದ ಮಾಡುತ್ತೇನೆ.

ನನ್ನನ್ನು ವರ್ಷಾನುಗಟ್ಟಲೆ ಉಳಿಸಿದ್ದು ಮಾತ್ರ ಒಂದು ನೋಟ್‌ಬುಕ್. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ನಮ್ಮಲ್ಲಿ ನೀನು ಇದೆ, ನೀವು ಇದೆ. ಯಾರು ಯಾರಿಗೆ ಏನನ್ನುತ್ತಾರೆ ಅಂತ ಪ್ರತಿ ಧಾರಾವಾಹಿಗೂ ಒಂದು ಪಟ್ಟಿ ಬರೆದಿಡುತ್ತೇನೆ. ಮೊದಲ ಕಂತಿನಲ್ಲಿ ಅತ್ತೆಗೆ ‘ನೀವು’ ಅಂದ ಸೊಸೆ ಮೂವತ್ತನೆಯದರಲ್ಲಿ ಸುಮ್ನೆ ‘ನೀನು’ ಅಂದರೆ, ನೋಡುವವರಿಗೆ ಅವಳು ಜಗಳಕ್ಕೆ ನಿಂತಂತೆ ಕಾಣುತ್ತದೆ. ಒಮ್ಮೆ ಒಂದು ಧಾರಾವಾಹಿಯ ಎರಡನೇ ಭಾಗ ಒಂದೂವರೆ ವರ್ಷ ಬಿಟ್ಟು ಬಂತು. ಸ್ಟುಡಿಯೋದಲ್ಲಿ ಹಳಬರು ಯಾರೂ ಇರಲಿಲ್ಲ. ಹೊಸದಾಗಿ ಸೇರಿದ್ದ ಹುಡುಗ ಫೋನ್ ಮಾಡಿ ಕೇಳಿದ: ‘ಮೇಡಂ, ಆ ಪೊಲೀಸ್ ಅಧಿಕಾರಿ ತನ್ನ ಹೆಂಡತಿಗೆ ಹೋಗು ಅಂತಿದ್ನಾ, ಹೋಗಿ ಅಂತಿದ್ನಾ?’

ನೋಟ್‌ಬುಕ್ ತೆಗೆದು ನೋಡಿದೆ. ಒಂಬತ್ತನೇ ಕಂತಿನವರೆಗೆ ‘ಹೋಗಿ’. ಆಮೇಲೆ ‘ಹೋಗು’. ಆ ಭಾಗದ ಇಪ್ಪತ್ತನಾಲ್ಕು ಕಂತೂ ನನಗೇ ಬಂದವು.

ನಮಸ್ಕಾರ.