ಎರಡನೇ ಪ್ರಶ್ನೆಗೆ ಏನು ಹೇಳ್ಬೇಕು?

ಕೇಳುಗರಿಗೆಲ್ಲ ನಮಸ್ಕಾರ. ನಾನು ಶಿಡ್ಲಘಟ್ಟದ ಕಡೆ ಡಿಗ್ರಿ ಮುಗಿಸಿದ ಮಕ್ಕಳಿಗೆ ಇಂಟರ್‌ವ್ಯೂ ಪ್ರಾಕ್ಟೀಸ್ ಮಾಡಿಸ್ತೀನಿ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂನಲ್ಲಿ ಓದಿ, ಬಿಕಾಂ ಮಾಡ್ಕೊಂಡು, ನರಸಾಪುರ ವೇಮಗಲ್ ಕಡೆ ಕಂಪನಿಗಳಿಗೋ ಬೆಂಗಳೂರಿಗೋ ಇಂಟರ್‌ವ್ಯೂಗೆ ಹೋಗೋ ನಮ್ಮ ಮಕ್ಕಳು ಎಲ್ಲಿ ಸಿಕ್ಕಾಕ್ಕೊಳ್ತಾರೆ ಅನ್ನೋದೇ ಇವತ್ತಿನ ಮಾತು.

‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದ್ರೆ ಸುಮಾರು ಮಕ್ಕಳು ರೆಡಿ ಇರ್ತಾರೆ. ಯಾರೋ ಸೀನಿಯರ್ ಬರ್ಕೊಟ್ಟಿದ್ದನ್ನ ಬಾಯಿಪಾಠ ಮಾಡ್ಕೊಂಡಿರ್ತಾರೆ, ಹಾರ್ಡ್‌ವರ್ಕಿಂಗ್, ಪಂಕ್ಚುಯಲ್, ಕ್ವಿಕ್ ಲರ್ನರ್ ಅಂತ ಒಂದೇ ಉಸಿರಲ್ಲಿ ಒಪ್ಪಿಸಿಬಿಡ್ತಾರೆ. ಎದುರಿಗೆ ಕೂತಿರೋರಿಗೆ ಅದು ಬಾಯಿಪಾಠ ಅಂತ ಆಗಲೇ ಗೊತ್ತಾಗುತ್ತೆ, ಯಾಕಂದ್ರೆ ಯೋಚನೆ ಮಾಡಿ ಮಾತಾಡೋರು ಮಧ್ಯೆ ಮಧ್ಯೆ ನಿಲ್ಲಿಸ್ತಾರೆ, ಬಾಯಿಪಾಠ ಒಪ್ಪಿಸೋರು ನಿಲ್ಲಿಸಲ್ಲ. ಹಂಗಾಗಿ ಅವರು ಬಾಯಿಪಾಠದಲ್ಲಿ ಇಲ್ಲದ್ದನ್ನ ಕೇಳ್ತಾರೆ. ಮಕ್ಕಳು ನಿಂತುಬಿಡೋದು ಅಲ್ಲಿ, ಎರಡನೇ ಪ್ರಶ್ನೇಲಿ.

ಅಕೌಂಟ್ಸ್ ಕೆಲಸಕ್ಕೆ ತಯಾರಾಗ್ತಿದ್ದ ಒಬ್ಬಳು ಹುಡುಗಿಗೆ ‘ವಾಟ್ ಡಸ್ ಯುವರ್ ಫಾದರ್ ಡೂ’ ಅಂತ ಕೇಳ್ದೆ. ‘ಫಾರ್ಮರ್ ಸರ್’ ಅಂದ್ಲು, ಅಷ್ಟೇ, ಮುಂದೆ ಮಾತಿಲ್ಲ. ಆಮೇಲೆ ಕನ್ನಡದಲ್ಲೇ ವಿಚಾರಿಸಿದ್ರೆ ಅವರ ಮನೇಲಿ ರೇಷ್ಮೆ ಹುಳ ಮೇಯಿಸ್ತಾರೆ, ಚಾಕಿ ಹುಳ ತಂದಾಗಿಂದ ಗೂಡು ಮಾರೋವರೆಗೂ ಪೂರ್ತಿ ಲೆಕ್ಕ ಬರೆಯೋದು ಈ ಹುಡುಗೀನೇ. ಚಾಕಿಗೆ ಕೊಟ್ಟ ದುಡ್ಡು, ಸೊಪ್ಪು ಕಡಿಯೋರ ಕೂಲಿ, ಆಟೋ ಬಾಡಿಗೆ, ಮಾರ್ಕೆಟ್‌ನಲ್ಲಿ ಲಾಟು ಎಷ್ಟು ತೂಗ್ತು, ಕೆಜಿ ಎಷ್ಟಕ್ಕೆ ಹೋಯ್ತು, ಎಲ್ಲಾ ಒಂದು ನೋಟ್‌ಬುಕ್‌ನಲ್ಲಿದೆ. ಅಕೌಂಟ್ಸ್ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಇನ್ನೇನು ಬೇಕು ಹೇಳಿ!

ಅದನ್ನ ಇಂಗ್ಲಿಷ್‌ಗೆ ತರೋದು ಹೆಂಗೆ? ನಮ್ಮ ಮಾತಿನಲ್ಲಿ ಕೆಲಸದ ಪದ ಕೊನೇಲಿ ಬರುತ್ತೆ, ‘ನಾನು ದಿನಾ ಕೂಲಿ ಲೆಕ್ಕ ಬರೀತೀನಿ’. ಹಂಗೇ ಇಂಗ್ಲಿಷ್‌ನಲ್ಲೂ ಮೊದಲು ಎಲ್ಲಾ ಜೋಡಿಸ್ಕೊಳ್ಳೋಕೆ ಹೋದ್ರೆ ಅರ್ಧದಲ್ಲಿ ಎಳೆ ಕಡಿದುಹೋಗುತ್ತೆ. ಯಾರು ಅಂತ ಹೇಳಿದ ತಕ್ಷಣ ಏನು ಮಾಡಿದ್ರು ಅಂತ ಹೇಳ್ಬಿಡ್ಬೇಕು, ಮಿಕ್ಕಿದ್ದು ಆಮೇಲೆ. ಅವಳು ಕೊನೆಗೆ ಹೇಳಿದ್ದು ಹಿಂಗೆ: ‘ವಿ ರೇರ್ ಸಿಲ್ಕ್‌ವರ್ಮ್ಸ್ ಅಟ್ ಹೋಮ್. ಐ ಕೀಪ್ ದಿ ಅಕೌಂಟ್ಸ್. ಐ ರೈಟ್ ಡೌನ್ ದಿ ಲೇಬರ್ ಕಾಸ್ಟ್ ಎವ್ರಿ ಡೇ. ಲಾಸ್ಟ್ ಮಂತ್ ವಿ ಸೋಲ್ಡ್ ಸಿಕ್ಸ್‌ಟಿ ಕೆಜಿ ಆಫ್ ಕಕೂನ್ಸ್.’ ನೋಡಿ, ಚಿಕ್ಕ ಚಿಕ್ಕ ಸೆಂಟೆನ್ಸ್, ಒಂದರಲ್ಲಿ ಒಂದೇ ವಿಷಯ. ದಿನಾ ಮಾಡೋ ಕೆಲಸಕ್ಕೆ ‘ಐ ಕೀಪ್’, ಆಗಿಹೋಗಿದ್ದಕ್ಕೆ ‘ವಿ ಸೋಲ್ಡ್’. ‘ಐ ಯಾಮ್ ಕೀಪಿಂಗ್, ಐ ಯಾಮ್ ಹ್ಯಾವಿಂಗ್’ ಅಂತ ಎಲ್ಲದಕ್ಕೂ ‘ಇಂಗ್’ ಹಚ್ಚೋ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದನ್ನ ಬಿಟ್ರೆ ಅರ್ಧ ತಪ್ಪು ಕಮ್ಮಿ ಆಗುತ್ತೆ.

ಇಷ್ಟನ್ನೇ ಮತ್ತೆ ಬಾಯಿಪಾಠ ಮಾಡ್ಬೇಡಿ ಮಕ್ಕಳೇ, ಆಗ ಮೊದಲಿನ ಕಥೇನೇ ಆಗುತ್ತೆ. ಫ್ರೆಂಡ್ ಒಬ್ಬರನ್ನ ಕೂರಿಸ್ಕೊಳ್ಳಿ, ನೀವು ಹೇಳಿದ ಮಾತಿನ ಒಳಗಿಂದಾನೇ ಅವರು ಪ್ರಶ್ನೆ ಎತ್ಲಿ. ರೇಟ್ ಬಿದ್ದಾಗ ಏನ್ ಮಾಡಿದ್ರಿ, ಲೆಕ್ಕ ಹೊಂದದಿದ್ರೆ ಹೆಂಗೆ ಕಂಡುಹಿಡೀತೀರಿ? ‘ಐ ಚೆಕ್ ದಿ ಬಿಲ್ಸ್ ಅಗೇನ್. ಒನ್ಸ್ ಐ ಫರ್ಗಾಟ್ ದಿ ಆಟೋ ರೆಂಟ್. ದೆನ್ ಐ ಫೌಂಡ್ ಇಟ್.’ ಹಿಂಗೆ ಎರಡು ಮೂರು ಸೆಂಟೆನ್ಸ್ ಸಾಕು, ನಿಮಗೆ ನಡೆದಿದ್ದೇ ಆದ್ರಿಂದ ವಿಷಯ ಹುಡುಕೋ ಪರದಾಟ ಇರಲ್ಲ, ಪದ ಹುಡುಕಿದ್ರೆ ಆಯ್ತು.

ಈ ಮಾತುಕತೆನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೇಳುವಾಗ ಎಲ್ಲಾ ತಪ್ಪೂ ಹುಡುಕಬೇಡಿ, ಎರಡೇ ನೋಡಿ. ಒಂದು, ಬ್ಯಾಂಕು, ವರ್ಕು, ಪ್ರಾಫಿಟ್ಟು ಅಂತ ಕೊನೇಲಿ ಉಕಾರ ಸೇರ್ತಿದೆಯಾ ಅಂತ. ಇನ್ನೊಂದು, ‘ಚೆಕ್ಡ್’ ಅನ್ನೋದ್ರ ಕೊನೆ ಸದ್ದು ನುಂಗಿಹೋಗಿ ‘ಚೆಕ್’ ಅಂತ ಕೇಳಿಸ್ತಿದೆಯಾ ಅಂತ, ಅದು ಹೋದ್ರೆ ಆಗಿಹೋದ ಕೆಲಸ ದಿನಾ ಮಾಡೋ ಕೆಲಸದ ಥರ ಕೇಳುತ್ತೆ. ನಮ್ಮ ಕೋಲಾರ ಚಿಕ್ಕಬಳ್ಳಾಪುರದ ರಾಗ ಇದ್ರೆ ಇರ್ಲಿ ಬಿಡಿ, ಅದನ್ನ ಅಳಿಸೋಕೆ ಹೋಗಿ ಟೈಮ್ ಕಳೀಬೇಡಿ.

ಇನ್ನೊಂದು ಮಾತು. ‘ಯು ಡೋಂಟ್ ನೋ ಟ್ಯಾಲಿ?’ ಅಂತ ಕೇಳಿದ್ರೆ ನಾವು ‘ಹೌದು ಸರ್, ಗೊತ್ತಿಲ್ಲ’ ಅನ್ನೋ ಲೆಕ್ಕದಲ್ಲಿ ‘ಎಸ್ ಸರ್’ ಅಂದುಬಿಡ್ತೀವಿ, ನಮಗೆ ಗೊತ್ತಿದೆಯೋ ಇಲ್ವೋ ಅಂತ ಅವರಿಗೆ ತಿಳಿಯಲ್ಲ. ಗೊತ್ತಿಲ್ಲ ಅಂದ್ರೆ ‘ನೋ ಸರ್, ಐ ಡೋಂಟ್’ ಅಂತ ಪೂರ್ತಿ ಹೇಳಿ. ಪ್ರಶ್ನೇನೇ ಅರ್ಥ ಆಗ್ಲಿಲ್ಲ ಅಂದ್ರೆ ‘ಸಾರಿ ಸರ್, ಕುಡ್ ಯು ರಿಪೀಟ್ ದಿ ಕ್ವೆಶ್ಚನ್’ ಅಂತ ಕೇಳಿ, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಅರ್ಥ ಆಗ್ದೇ ಬೇರೆ ಏನೋ ಹೇಳಿದ್ರೇನೇ ತೊಂದ್ರೆ.

ಇದು ಅಕೌಂಟ್ಸ್, ಸ್ಟೋರ್ಸ್, ಆಫೀಸ್ ಕೆಲಸದ ಇಂಟರ್‌ವ್ಯೂಗೆ ಸಾಕಾಗುತ್ತೆ. ಕಾಲ್ ಸೆಂಟರ್‌ನಲ್ಲಿ ಫೋನ್ ಮೇಲೇ ದಿನವೆಲ್ಲಾ ಮಾತಾಡೋ ಕೆಲಸಕ್ಕೆ ಸಾಲಲ್ಲ, ಅದಕ್ಕೆ ಮುಖ ನೋಡ್ದೇ ಬೇರೆ ಬೇರೆಯವರ ಇಂಗ್ಲಿಷ್ ಕೇಳಿ ಅರ್ಥ ಮಾಡ್ಕೊಳ್ಳೋ ಅಭ್ಯಾಸ ಬೇರೆನೇ ಆಗ್ಬೇಕು.