ರಿನ್ಯೂಡ್, ಓಪನ್ ಬಾಕ್ಸ್, ಗ್ರೇ ಮಾರ್ಕೆಟ್: ವಾರಂಟಿ ಯಾರದು, ಯಾವತ್ತಿನಿಂದ?

ಕೇಳುಗರೆಲ್ಲರಿಗೂ ನಮಸ್ಕಾರ.

ಹಬ್ಬದ ಸೇಲ್ ಶುರುವಾಯಿತು ಅಂದರೆ ಮೊಬೈಲ್ ಹುಡುಕುವವರ ಕಣ್ಣಿಗೆ ಮೂರು ಪದಗಳು ಬೀಳುತ್ತವೆ. ರಿನ್ಯೂಡ್, ಓಪನ್ ಬಾಕ್ಸ್, ಇಂಪೋರ್ಟೆಡ್. ಪಕ್ಕದಲ್ಲೇ ಇರುವ ಹೊಸ ಫೋನಿಗಿಂತ ಬೆಲೆ ಸಾವಿರಾರು ರೂಪಾಯಿ ಕಡಿಮೆ. ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ವಾರಂಟಿ ಯಾರದು, ಯಾವ ತಾರೀಖಿನಿಂದ? ಕಾಗದ ಇದ್ದರೆ ಈಗಲೇ ಬರೆದುಕೊಳ್ಳಿ.

ಮೊದಲು ರಿನ್ಯೂಡ್. ಹೆಸರು ಏನೇ ಇರಲಿ, ಇದು ಬಳಸಿದ ಫೋನು. ಯಾರೋ ಎಕ್ಸ್‌ಚೇಂಜಿಗೆ ಕೊಟ್ಟದ್ದನ್ನು ಪರೀಕ್ಷಿಸಿ, ಒರೆಸಿ, ಕೆಟ್ಟ ಭಾಗ ಇದ್ದರೆ ಬದಲಿಸಿ, ಬೇರೆ ಡಬ್ಬಕ್ಕೆ ಹಾಕಿ ಮಾರುತ್ತಾರೆ. ಇಲ್ಲಿ ವಾರಂಟಿ ಸಾಮಾನ್ಯವಾಗಿ ತಯಾರಿಸಿದ ಕಂಪನಿಯದಲ್ಲ, ಮಾರಿದವನದು. ಅವಧಿ ಹೆಚ್ಚಾಗಿ ಆರು ತಿಂಗಳು. ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಪ್ರಯೋಜನವಿಲ್ಲ, ಮಾರಿದವನಿಗೇ ಕೊರಿಯರ್ ಮಾಡಬೇಕು.

ಯಂತ್ರದ ಗುಣಮಟ್ಟ ಹೇಗೆ? ಎರಡು ಜಾಗ ನೋಡಿ. ಒಂದು, ಬ್ಯಾಟರಿ. ಅಮೆಜಾನ್ ರಿನ್ಯೂಡ್‌ನವರ ನಿಯಮ ಬ್ಯಾಟರಿಯ ಸಾಮರ್ಥ್ಯ ಹೊಸದಿದ್ದಾಗಿನ ಶೇಕಡಾ 80ಕ್ಕಿಂತ ಹೆಚ್ಚಿರಬೇಕು ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವನ್ನು 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಶೇಕಡಾ 80 ಉಳಿಯುವ ಹಾಗೆ ರೂಪಿಸಿದ್ದೇವೆ ಅಂತ ಆಪಲ್ ಹೇಳುತ್ತದೆ. ಅಂದರೆ ಶೇಕಡಾ 81 ಇರುವ ಫೋನು ಪರೀಕ್ಷೆಯಲ್ಲಿ ಪಾಸು, ಮಾರಿದವನು ಸುಳ್ಳೂ ಹೇಳಿಲ್ಲ. ಆದರೆ ಹೊಸ ಬ್ಯಾಟರಿಯ ಖರ್ಚು ನಿಮ್ಮ ಬಾಗಿಲಲ್ಲೇ ನಿಂತಿದೆ. ಆ ಖರ್ಚನ್ನು ಬೆಲೆಗೆ ಸೇರಿಸಿ ನೋಡಿ.

ಎರಡು, ಪರದೆ. ಐಫೋನ್ 12ರಿಂದ ಈಚೆಗೆ, ಎಸ್‌ಇ ಮಾದರಿ ಬಿಟ್ಟರೆ, ಎಲ್ಲಕ್ಕೂ ಓಎಲ್‌ಇಡಿ ಪರದೆ. ಅಗ್ಗದ ರಿಪೇರಿಯಲ್ಲಿ ಎಲ್‌ಸಿಡಿ ಕೂರಿಸುತ್ತಾರೆ. ಪತ್ತೆ ಸುಲಭ: ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆಯಿರಿ. ಓಎಲ್‌ಇಡಿ ಆರಿದ ಹಾಗೆ ಕಪ್ಪಾಗುತ್ತದೆ, ಎಲ್‌ಸಿಡಿ ಹಿಂದಿನಿಂದ ಬೂದು ಬೆಳಕು ಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ General, ಅದರೊಳಗೆ About ತೆರೆದರೆ, ಭಾಗ ಬದಲಿಸಿದ ಫೋನಿನಲ್ಲಿ Parts and Service History ಅಂತ ಕಾಣಬಹುದು. ಅಲ್ಲಿ Unknown Part ಅಂತಿದ್ದರೆ ಅದು ಕಂಪನಿಯ ಅಸಲಿ ಭಾಗವಲ್ಲ, ಅಥವಾ ಸರಿಯಾಗಿ ಕೂರಿಸಿಲ್ಲ. ಇನ್ನೊಂದು ಮಾತು. ಒಮ್ಮೆ ಬಿಚ್ಚಿದ ಫೋನಿನ ಅಂಟು ಮೊದಲಿನಂತೆ ಕೂತಿರುತ್ತದೆ ಅಂತ ನಂಬಬೇಡಿ. ನೀರಿನಿಂದ ದೂರ ಇಡಿ.

ಈಗ ಓಪನ್ ಬಾಕ್ಸ್. ಜನ ಹೆಚ್ಚು ಮೋಸ ಹೋಗುವುದು ಇಲ್ಲೇ, ಯಾಕೆಂದರೆ ‘ಡಬ್ಬ ಮಾತ್ರ ತೆರೆದದ್ದು’ ಅಂದುಕೊಳ್ಳುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಬಣ್ಣ ಹಿಡಿಸದೆ ಯಾರೋ ವಾಪಸ್ ಕಳಿಸಿದ ಫೋನು ಹೊಸದರಷ್ಟೇ ಚೆನ್ನಾಗಿರುತ್ತದೆ. ಕಂಪನಿಯ ವಾರಂಟಿಯೂ ಇರುತ್ತದೆ. ಆದರೆ ಆ ಗಡಿಯಾರ ಶುರುವಾದದ್ದು ನೀವು ಕೊಂಡ ದಿನ ಅಲ್ಲ, ಮೊದಲಿನವರು ಕೊಂಡ ದಿನ.

ಹಾಸನದ ಗ್ರಾಹಕರೊಬ್ಬರ ಪ್ರಸಂಗ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಕೇಳಿ. ಅವರು ಓಪನ್ ಬಾಕ್ಸ್ ಐಫೋನ್ 13 ತರಿಸಿದರು. ಜಾಹೀರಾತಿನಲ್ಲಿ ‘ಬಳಸಿಲ್ಲ, ಕಂಪನಿ ವಾರಂಟಿ ಇದೆ’ ಅಂತಿತ್ತು. ಪಾರ್ಸೆಲ್ ಬಂತು. ಪುಣ್ಯಕ್ಕೆ ಅವರು ಸೀಲ್ ಕತ್ತರಿಸುವ ಮೊದಲೇ ಮಗಳ ಕೈಗೆ ಇನ್ನೊಂದು ಫೋನ್ ಕೊಟ್ಟು ವಿಡಿಯೊ ಮಾಡಿಸಿದರು. ಒಳಗೆ ಗೀರಿಲ್ಲದ ಫೋನು, ಬ್ಯಾಟರಿ ಶೇಕಡಾ 100. ಯಾರಿಗೇ ಆದರೂ ಸಂತೋಷ. ಆಮೇಲೆ About ತೆರೆದು ಮಾಡೆಲ್ ನಂಬರ್ ನೋಡಿದರು. ಅಲ್ಲಿ ಎ ಅಕ್ಷರವೂ ನಾಲ್ಕು ಅಂಕಿಯೂ ಕಂಡರೆ ಅದರ ಮೇಲೆ ಒಮ್ಮೆ ಒತ್ತಬೇಕು, ಆಗ ನಮಗೆ ಬೇಕಾದ ಸಂಖ್ಯೆ ಬರುತ್ತದೆ. ಅದರ ಮೊದಲ ಅಕ್ಷರವೇ ಫೋನಿನ ಜಾತಕ. M ಇದ್ದರೆ ಅಂಗಡಿಗೆ ಹೊಸದಾಗಿ ಬಂದದ್ದು. F ಇದ್ದರೆ ಆಪಲ್ ತಾನೇ ಸರಿಮಾಡಿ ಮಾರಿದ್ದು. N ಇದ್ದರೆ ಯಾರದೋ ಕೆಟ್ಟ ಫೋನಿಗೆ ಬದಲಾಗಿ ಸರ್ವಿಸ್‌ನಲ್ಲಿ ಕೊಟ್ಟದ್ದು.

ಇವರ ಫೋನಿನಲ್ಲಿ N ಇತ್ತು, ಡಬ್ಬದ ಮೇಲೆ M. ಎರಡರ ಸೀರಿಯಲ್ ನಂಬರೂ ಹೊಂದಲಿಲ್ಲ. checkcoverage.apple.com ತೆರೆದು ಫೋನಿನ ಸೀರಿಯಲ್ ಹಾಕಿದರೆ ವಾರಂಟಿ ಉಳಿದದ್ದು ಎರಡು ತಿಂಗಳಿಗೂ ಕಡಿಮೆ.

ಬ್ಯಾಟರಿ 100 ಇದ್ದೂ ವಾರಂಟಿ ಯಾಕೆ ಇಷ್ಟು ಕಡಿಮೆ? ಲೆಕ್ಕ ಹೀಗೆ. ಬದಲಿ ಫೋನಿಗೆ ಹೊಸ ಒಂದು ವರ್ಷ ಸಿಗುವುದಿಲ್ಲ. ಹಳೆಯ ಫೋನಿನ ವಾರಂಟಿಯಲ್ಲಿ ಉಳಿದ ಅವಧಿ ಅಥವಾ 90 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಮಾತ್ರ. ಮೊದಲ ಮಾಲೀಕರು ಹತ್ತನೇ ತಿಂಗಳಲ್ಲಿ ಬದಲಿ ಪಡೆದರು ಅಂದುಕೊಳ್ಳಿ. ಉಳಿದದ್ದು ಎರಡು ತಿಂಗಳು. 90 ದಿನ ಅದಕ್ಕಿಂತ ಹೆಚ್ಚು, ಹಾಗಾಗಿ 90 ದಿನ ಸಿಕ್ಕಿತು. ಒಂದು ತಿಂಗಳು ಗೋದಾಮಿನಲ್ಲಿ ಕಳೆದು ಫೋನು ಹಾಸನ ಸೇರಿತು. ಉಳಿದದ್ದು ಎರಡು ತಿಂಗಳು. ಫೋನು ಕೆಟ್ಟದ್ದಲ್ಲ, ಗಮನಿಸಿ. ಬದಲಿ ಫೋನುಗಳು ಕೆಲಸದಲ್ಲಿ ಹೊಸದಕ್ಕೆ ಸಮಾನ. ಆದರೆ ಅದಕ್ಕೆ ಕೊಟ್ಟ ಬೆಲೆ ವಾರಂಟಿ ತುಂಬಿದ ಫೋನಿನದು. ಅವರು ವಿಡಿಯೊ, ಡಬ್ಬದ ಫೋಟೊ, ಆ ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಮೂರನ್ನೂ ಹಾಕಿ ‘ವಿವರಣೆಗೆ ಹೊಂದುವುದಿಲ್ಲ’ ಎಂಬ ಕಾರಣ ಆರಿಸಿ, ವಾಪಸಾತಿಯ ಗಡುವಿನೊಳಗೇ ಹಿಂದಿರುಗಿಸಿದರು. ಹಣ ಬಂತು. ಗಡುವು ದಾಟಿದ್ದರೆ ಮಾರಿದವನ ಹಿಂದೆ ಅಲೆಯಬೇಕಿತ್ತು. ಅದಕ್ಕೇ ಫೋನು ಬಂದ ದಿನವೇ ನೋಡಿ ಅನ್ನುವುದು. ಭಾನುವಾರ ನೋಡೋಣ ಅಂತ ಬೀರುವಿನಲ್ಲಿ ಇಡುವವರಿಗೆ ಏನು ಹೇಳಲಿ! ಆಂಡ್ರಾಯ್ಡ್ ಆದರೂ ಪ್ರಶ್ನೆ ಅದೇ: ವಾರಂಟಿ ಯಾರದು, ಯಾವ ತಾರೀಖಿನಿಂದ? ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಅಂದರೆ ಐಎಂಇಐ ಸಂಖ್ಯೆ ಕೊಟ್ಟು ಆಯಾ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಸಮಯ ಓಡುತ್ತಿದೆ, ಇಂಪೋರ್ಟೆಡ್ ಅಂತ ಮಾರುವ ಗ್ರೇ ಮಾರ್ಕೆಟ್ ಫೋನಿನ ಬಗ್ಗೆ ಬೇಗ ಹೇಳುತ್ತೇನೆ. ಇದು ಬೇರೆ ದೇಶದಲ್ಲಿ ಮಾರಲು ಮಾಡಿದ ಅಸಲಿ ಫೋನು, ಕಂಪನಿಯ ಅಧಿಕೃತ ದಾರಿ ಬಿಟ್ಟು ಇಲ್ಲಿಗೆ ಬಂದದ್ದು. ಯಂತ್ರ ಹೊಸದೇ. ಆದರೆ ಐಫೋನಿನ ವಾರಂಟಿ ಸೇವೆಯನ್ನು ಮಾರಾಟವಾದ ದೇಶಕ್ಕೆ ಸೀಮಿತಗೊಳಿಸುವ ಹಕ್ಕನ್ನು ಆಪಲ್ ಇಟ್ಟುಕೊಂಡಿದೆ. ‘ಒಂದು ವರ್ಷ ವಾರಂಟಿ’ ಅಂತ ಬರೆದಿದ್ದರೆ ಅದು ಅಂಗಡಿಯವನ ಮಾತೋ ಕಂಪನಿಯದೋ ಕೇಳಿ. ಗುರುತು ಸುಲಭ. ಭಾರತಕ್ಕೆ ಸರಿಯಾಗಿ ಬಂದ ಡಬ್ಬದ ಮೇಲೆ ಎಂಆರ್‌ಪಿ, ಆಮದುದಾರರ ಹೆಸರು, ವಿಳಾಸ ಇರಲೇಬೇಕು. ಐಫೋನಿನ ಮಾಡೆಲ್ ನಂಬರಿನ ಕೊನೆಯಲ್ಲಿ HN/A ಇದ್ದರೆ ಭಾರತದ್ದು, LL/A ಇದ್ದರೆ ಅಮೆರಿಕದ್ದು. ಅಮೆರಿಕದ ಐಫೋನ್ 14ರಿಂದ ಈಚೆಗಿನವಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಫೋನು ಕೈಗೆ ಬಂದ ಮೇಲೆ ಇದು ತಿಳಿದು ಒದ್ದಾಡಿದವರು ಬಹಳ.

ಯಾವ ಫೋನೇ ಆಗಲಿ, ಬಂದ ಕೂಡಲೇ *#06# ಒತ್ತಿ. ಬರುವ 15 ಅಂಕಿಯ ಐಎಂಇಐ ಸಂಖ್ಯೆ ಬಿಲ್ಲಿನಲ್ಲಿ ಇರುವುದೇ ಆಗಿರಬೇಕು. KYM ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಆಗಿದೆ, ಅಥವಾ ಅದೇ ಸಂಖ್ಯೆ ಇನ್ನೊಂದು ಫೋನಿನಲ್ಲೂ ಇದೆ ಅಂತ ಉತ್ತರ ಬಂದರೆ ಆ ಫೋನಿಗೆ ನಿಮ್ಮ ಸಿಮ್ ಹಾಕಲೇಬೇಡಿ, ವಾಪಸ್ ಕಳಿಸಿ. ಮಾರಿದವನು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕರೆ ಮಾಡುವಾಗ ಬಿಲ್ಲು, ಆರ್ಡರ್ ಸಂಖ್ಯೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಹತ್ತಿರ ಇಟ್ಟುಕೊಳ್ಳಿ. ಆ ಸ್ಕ್ರೀನ್‌ಶಾಟನ್ನು ಕೊಳ್ಳುವ ದಿನವೇ ತೆಗೆದಿಡಿ, ಆಮೇಲೆ ಆ ಪುಟದ ಮಾತು ಬದಲಾಗಿರುತ್ತದೆ. ನಮಸ್ಕಾರ.