ಒಪ್ಪಂದದ ಕಾಗದವಿಲ್ಲದ ಮನೆಗೆಲಸ: ಸಾಕ್ಷಿ ಗೇಟಿನಲ್ಲಿದೆ

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದಾರೆ: ‘ಮನೆಗೆಲಸಕ್ಕೆ ಸೇರುವಾಗ ಯಾರೂ ಏನನ್ನೂ ಬರೆದುಕೊಡುವುದಿಲ್ಲ. ಸಂಬಳ ಕೊಡದೆ ಬಿಡಿಸಿದರೆ ಕೇಳುವ ಹಕ್ಕಿದೆಯೇ?’

ಇದೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ; 1872ರ ಕರಾರು ಕಾಯ್ದೆ ಬರಹ ಇರಲೇಬೇಕು ಎನ್ನುವುದಿಲ್ಲ. ತೊಡಕಿರುವುದು ಏನು ಮಾತಾಗಿತ್ತು ಎಂದು ತೋರಿಸಿಕೊಡುವುದರಲ್ಲಿ.

ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು. ಅದರ ಅಳತೆಗೋಲು ನನಗೆ ಬಹಳ ಇಷ್ಟ: ಪಾತ್ರೆ, ಬಟ್ಟೆ, ಕಸ-ನೆಲ ಹೀಗೆ ಒಂದೊಂದು ಕೆಲಸಕ್ಕೆ ದಿನಕ್ಕೆ 45 ನಿಮಿಷ. ಮನೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ಶೇಕಡಾ 10ರಷ್ಟು ಹೆಚ್ಚು. ಅಂದರೆ ಸಂಬಳದ ಜಗಳ ಕೊನೆಗೆ ನಿಮಿಷಗಳ ಜಗಳ.

ಆ ನಿಮಿಷಗಳನ್ನು ಬರೆದಿಡುವವರು ಯಾರು? ಅಪಾರ್ಟ್‌ಮೆಂಟಿನ ಕಾವಲುಗಾರರು! ಹೀಗೊಂದು ಪ್ರಸಂಗ ಇಟ್ಟುಕೊಳ್ಳೋಣ. ಪಾತ್ರೆಗೆಂದು ಸೇರಿದ ಹೆಂಗಸಿಗೆ ಬರಬರುತ್ತಾ ನೆಲ ಒರೆಸುವುದೂ ಬಂತು, ಬಟ್ಟೆಯೂ ಬಂತು. ಸಂಬಳ ಮಾತ್ರ ಮೊದಲಿನದೇ. ‘ಅವರು ಬರುತ್ತಿದ್ದುದು ಪಾತ್ರೆಗಷ್ಟೇ’ ಎನ್ನುತ್ತಾರೆ ಮನೆಯವರು. ಗೇಟಿನ ದಾಖಲೆಯಲ್ಲಿ ದಿನವೂ ಒಳಗೆ 7.10, ಹೊರಗೆ 8.50. ನೂರು ನಿಮಿಷ, ಎರಡು ಕೆಲಸಗಳ ಅವಧಿಗಿಂತಲೂ ಹೆಚ್ಚು. ಪಾತ್ರೆಯೊಂದಕ್ಕೇ ಅಷ್ಟು ಹೊತ್ತು ಹಿಡಿಯಿತೆಂದು ನಂಬಿಸುವುದು ಕಷ್ಟ.

ಇದಕ್ಕೂ ಮಿತಿಯಿದೆ. ಅದೇ ಸಮುಚ್ಚಯದಲ್ಲಿ ಅವರು ಎರಡು ಮನೆಗೆ ಹೋಗುತ್ತಿದ್ದರೆ ಗೇಟಿನ ಸಮಯ ಯಾವ ಮನೆಯದೆಂದು ಹೇಳಲಾಗದು. ಮೊಬೈಲಿನಲ್ಲಿ ಜಮೆಯಾದ ಸಂಬಳ ಮೊತ್ತ ತೋರಿಸುತ್ತದೆ, ಕೆಲಸ ತೋರಿಸುವುದಿಲ್ಲ. ಅದಕ್ಕೇ ಸೇರಿದ ದಿನವೇ ಕೆಲಸ, ಸಮಯ, ಸಂಬಳ, ರಜೆ, ಮುಂಗಡ ಇಷ್ಟನ್ನೂ ಹೇಳುವ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ. ಕೆಲಸ ಹೆಚ್ಚಿದ ದಿನ ಇನ್ನೊಂದು ಕಳಿಸಿ. ಬರೆಯಲು ಬಾರದವರು ಧ್ವನಿಸಂದೇಶ ಕಳಿಸಬಹುದು.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶವಿದೆ. ಸಂಬಳ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆಯೂ ಕೆಲಸ ಕೊಟ್ಟವರದೇ. ಆದರೆ ಸಂಹಿತೆ ಮಾತನಾಡುವುದು ‘ಸಂಸ್ಥೆ’ಯ ಬಗ್ಗೆ. ಸಂಸಾರ ನಡೆಯುವ ಮನೆ ಸಂಸ್ಥೆಯೇ? ವಕೀಲರ ವಾದ ಸಿಕ್ಕಿಕೊಳ್ಳುವುದು ಇಲ್ಲೇ, ಮತ್ತು ಇದನ್ನು ಹೀಗೆ ಅಸ್ಪಷ್ಟವಾಗಿ ಬಿಟ್ಟಿರುವುದು ಅನ್ಯಾಯ.

ಸಮಯ ಕಡಿಮೆಯಿದೆ, ವಿಶ್ರಾಂತಿಯ ವಿಷಯ ಬೇಗ ಹೇಳುತ್ತೇನೆ. ವಾರಕ್ಕೆ ಸತತ 24 ಗಂಟೆ ಬಿಡುವು ಕೊಡಬೇಕೆಂದು ಮನೆಗೆಲಸದವರ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಡಂಬಡಿಕೆ ಹೇಳುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಭಾನುವಾರದ ರಜೆ ಇಂದಿಗೂ ಹೆಚ್ಚಿನ ಕಡೆ ನಡೆಯುವುದು ಮನೆಯವರ ಮರ್ಜಿಯಂತೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಪ್ರತ್ಯೇಕ ಕಾನೂನಿನ ಬಗ್ಗೆ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದೇ ವರ್ಷ ಕರ್ನಾಟಕವೂ ಮನೆಗೆಲಸದವರ ಸಾಮಾಜಿಕ ಭದ್ರತೆಗೆ ಮಸೂದೆಯ ಕರಡು ಸಿದ್ಧಪಡಿಸಿತು. ಆ ಕರಡನ್ನು ಇನ್ನೊಂದು ವಿಡಿಯೋದಲ್ಲಿ ಸಾಲುಸಾಲಾಗಿ ಓದೋಣ.